ಕೂಸು ಕಾರಿಗೆ ಹತ್ತುವ ಮುನ್ನ



ಹೋದ ವರ್ಷ ನಮ್ಮ ಮನೆಯಲ್ಲಿ ಬಾಣಂತನ. ಮಗಳ ಚೊಚ್ಚಿಲ ಹೆರಿಗೆ. ಚಳ್ಳಕೆರೆಯ ಮನೆಯಲ್ಲಿ ಐದು ತಿಂಗಳು ಕೂಸು ಬೆಳೆಯಿತು. ಐದನೆಯ ತಿಂಗಳಲ್ಲಿ ಎರಡು ಪ್ರಯಾಣ ಗೊತ್ತಾದವು. ಮೊದಲನೆಯದು ಮೊಳಕಾಲ್ಮುರಿಗೆ. ಅಲ್ಲಿ ನನ್ನ ತಾಯಿ ಇದ್ದಾರೆ, ಮರಿಮಗಳನ್ನು ನೋಡದೆ ಬೆಂಗಳೂರಿಗೆ ಕಳಿಸಬೇಡ ಎಂದು ದಿನಾ ಹೇಳಿ ಕಳಿಸುತ್ತಿದ್ದರು. ಅಲ್ಲಿಗೆ ಹೋಗುವುದು ನನ್ನ ಹಳೆಯ ಸಣ್ಣ ಕಾರಿನಲ್ಲಿ. ಎರಡನೆಯದು ಗಂಡನ ಮನೆಗೆ, ಹಿರಿಯೂರು, ಶಿರಾ, ತುಮಕೂರು ದಾಟಿ ಬೆಂಗಳೂರಿಗೆ, ಅಳಿಯನ ಹೊಸ ಕಾರಿನಲ್ಲಿ. ಕೂಸು ಒಂದೇ, ಕಾರು ಎರಡು. ಆ ಎರಡು ಕಾರಿಗೂ ಹೊಂದುವ ಒಂದು ಸೀಟು ಹುಡುಕಲು ನನಗೆ ಒಂದೂವರೆ ತಿಂಗಳು ಬೇಕಾಯಿತು. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಆದರೂ ಆ ಒಂದೂವರೆ ತಿಂಗಳಲ್ಲಿ ಕಲಿತದ್ದು ಬಹಳ.

ನನ್ನ ತಾಯಿಯ ಮಾತಿನಿಂದಲೇ ಶುರುಮಾಡುತ್ತೇನೆ. ಫೋನಿನಲ್ಲಿ ಅವರು ಕೇಳಿದ್ದು ಇಷ್ಟು: "ಕೂಸಿಗೆ ಯಾಕಪ್ಪ ಕುರ್ಚಿ? ತಾಯಿ ತೊಡೆಗಿಂತ ಗಟ್ಟಿ ಜಾಗ ಯಾವುದೈತೆ?"

ನ್ಯಾಯವಾದ ಪ್ರಶ್ನೆ. ಅದಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ಗಂಟೆಗೆ 50 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿಗೆ ಏನಾದರೂ ಬಡಿದು ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎನ್ನಿ. ಆ ಹೊತ್ತಿನಲ್ಲಿ ಒಳಗಿರುವ ಪ್ರತಿಯೊಂದನ್ನೂ ಹಿಡಿದು ನಿಲ್ಲಿಸಲು ಅದರ ತೂಕದ ಹದಿನಾಲ್ಕು ಪಟ್ಟು ಬಲ ಬೇಕು. ಆರು ಕೆಜಿಯ ಕೂಸು ತಾಯಿಯ ಕೈಯಲ್ಲಿ 80 ಕೆಜಿಗೂ ಮಿಕ್ಕಿ ಭಾರವಾಗುತ್ತದೆ. ಮಂಡಿಯಲ್ಲಿ ಮೂಟೆ ಹೊರುವವರ ಕೈಯಲ್ಲೂ ಅದು ನಿಲ್ಲುವುದಿಲ್ಲ. ತಾಯಿಯ ಹಿಡಿತ ಸಡಿಲವೆಂದಲ್ಲ, ಮನುಷ್ಯರ ತೋಳಿಗೆ ಅಷ್ಟು ಬಲವೇ ಇಲ್ಲ. ತಾಯಿ ಬೆಲ್ಟು ಹಾಕದೆ ಕೂತಿದ್ದರೆ ಅವಳ ಮೈಭಾರವೂ ಕೂಸಿನ ಮೇಲೆಯೇ ಬೀಳುತ್ತದೆ. ತಾಯಿ, ಕೂಸು ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟು ಹಾಕುವುದು ಇನ್ನೂ ಕೆಟ್ಟದ್ದು.

ಕೂಸಿನ ಸೀಟು ಕಾರಿನ ಹಿಂದಕ್ಕೆ ಮುಖಮಾಡಿರಬೇಕು ಎನ್ನುವುದಕ್ಕೂ ಕಾರಣವಿದೆ. ಹಸುಗೂಸಿನ ದೇಹದಲ್ಲಿ ತಲೆಯೇ ಭಾರ, ಉದ್ದದಲ್ಲಿ ಕಾಲು ಭಾಗ ತಲೆಯೇ. ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ, ನಡುನಡುವೆ ಮೆದು ಎಲುಬು. ಮುಂದಕ್ಕೆ ಮುಖಮಾಡಿ ಕೂರಿಸಿದರೆ ಪಟ್ಟಿಗಳು ಎದೆಯನ್ನು ಹಿಡಿದು ನಿಲ್ಲಿಸುತ್ತವೆ, ತಲೆ ಮಾತ್ರ ಮುಂದಕ್ಕೆ ಎಗರುತ್ತದೆ, ಎಳೆತವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಹಿಂದಕ್ಕೆ ಮುಖಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಬುಟ್ಟಿಯೇ ಒಟ್ಟಿಗೆ ತಡೆಯುತ್ತದೆ. ಯುರೋಪಿನ ಹೊಸ ನಿಯಮ ಆರ್ 129 ಕನಿಷ್ಠ 15 ತಿಂಗಳವರೆಗೆ ಹಿಂದಕ್ಕೇ ಮುಖವಿರಬೇಕು ಎನ್ನುತ್ತದೆ. ಹಳೆಯ ಆರ್ 44ರಲ್ಲಿ 9 ಕೆಜಿ ದಾಟಿದರೆ ಮುಂದಕ್ಕೆ ತಿರುಗಿಸಬಹುದಿತ್ತು. ನಮ್ಮ ಅನೇಕ ಮಕ್ಕಳು ವರ್ಷ ತುಂಬುವ ಮೊದಲೇ 9 ಕೆಜಿ ಮುಟ್ಟುತ್ತಾರೆ. ತೂಕ ಬಂತೆಂದು ಕತ್ತು ಗಟ್ಟಿಯಾಗಿರುವುದಿಲ್ಲ, ತಿರುಗಿಸಲು ಅವಸರ ಬೇಡ.

ಕಾನೂನಿನ ಮಾತು ಒಂದೇ ಸಾಲಿನಲ್ಲಿ ಮುಗಿಯುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು, ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡ ಎನ್ನುತ್ತದೆ.

ಇನ್ನು ನಮ್ಮ ಹುಡುಕಾಟ. ಮೊದಲ ಸೀಟು ಕೊಳ್ಳದೆಯೇ ಬಂತು. ಅಳಿಯನ ಅಣ್ಣ ಅಮೆರಿಕದಲ್ಲಿದ್ದಾರೆ, ತಮ್ಮ ಮಗ ಬಳಸಿದ್ದನ್ನು ಕಳಿಸಿಕೊಟ್ಟರು. ಗಟ್ಟಿಯಾದ, ಅಚ್ಚುಕಟ್ಟಾದ ಸೀಟು. ಅಮೆರಿಕದ ಎಫ್‌ಎಂವಿಎಸ್‌ಎಸ್ 213 ಎಂಬ ನಿಯಮಕ್ಕೆ ಸರಿಹೋದದ್ದೆಂದು ಚೀಟಿಯೂ ಇತ್ತು. ನನ್ನ ಕಾರಿನ ಹಿಂಬದಿಯಲ್ಲಿಟ್ಟು ಬೆಲ್ಟನ್ನು ಅದರ ದಾರಿಯಲ್ಲಿ ತೂರಿಸಿ ಬಿಗಿದೆ. ಕೈಯಿಂದ ಅಲುಗಿಸಿದರೆ ಒಂದು ಗೇಣು ಸರಿಯಿತು. ಮತ್ತೆ ಬಿಗಿದೆ, ಮತ್ತೆ ಸಡಿಲ. ಸೀಟಿನಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನನ್ನ ಬೆಲ್ಟಿಗೂ ಆ ಸೀಟಿಗೂ ನಡುವಿನ ಹೊಂದಾಣಿಕೆಯಲ್ಲಿ.

ಅಮೆರಿಕದ ಕಾರುಗಳಲ್ಲಿ 1996ರ ಮಾದರಿಗಳಿಂದ ಈಚೆಗೆ ಬೆಲ್ಟನ್ನು ಮಕ್ಕಳ ಸೀಟಿಗೆಂದು ಬಿಗಿದು ನಿಲ್ಲಿಸುವ ವ್ಯವಸ್ಥೆ ಕಡ್ಡಾಯ. ಹೆಚ್ಚಿನ ಕಾರುಗಳಲ್ಲಿ ಬೆಲ್ಟನ್ನು ಕೊನೆಯವರೆಗೆ ಎಳೆದು ಬಿಟ್ಟರೆ ಕಟಕಟ ಸದ್ದು ಮಾಡುತ್ತಾ ಒಳಗೆ ಹೋಗುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಅಲ್ಲಿನ ಸೀಟುಗಳು ಆ ಬೀಗವನ್ನು ನಂಬಿ ತಯಾರಾಗಿರುತ್ತವೆ. ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳ ಬೆಲ್ಟು ಬೇರೆ ಬಗೆಯದು. ಜೋರಾಗಿ ಜಗ್ಗಿದಾಗ ಮಾತ್ರ ಕಚ್ಚಿಕೊಳ್ಳುತ್ತದೆ, ಮೆಲ್ಲಗೆ ಎಳೆದರೆ ಹಗ್ಗದಂತೆ ಬರುತ್ತದೆ. ದೊಡ್ಡವರ ಎದೆಗೆ ಅದು ಸರಿ. ಸೀಟಿನಲ್ಲೇ ಬೆಲ್ಟು ಕಚ್ಚುವ ಹಿಡಿಕೆ ಇಲ್ಲದಿದ್ದರೆ, ತಿರುವು ತಿರುವಿಗೂ ಸೀಟು ಚೂರುಚೂರೇ ಸಡಿಲವಾಗುತ್ತದೆ. ನಿಮ್ಮ ಕಾರಿನದು ಯಾವ ಬಗೆ ಎಂದು ತಿಳಿಯಲು ಬೆಲ್ಟನ್ನು ಮೆಲ್ಲಗೆ ಪೂರ್ತಿ ಎಳೆದು ಒಳಗೆ ಬಿಡಿ. ಕಟಕಟ ಸದ್ದು ಬಾರದಿದ್ದರೆ ಅದು ತಾನಾಗಿ ಬೀಗ ಹಾಕಿಕೊಳ್ಳುವ ಬೆಲ್ಟಲ್ಲ. ವಿದೇಶದ ನೆಂಟರು ಪ್ರೀತಿಯಿಂದ ಕಳಿಸುವ ಸೀಟುಗಳು ನಮ್ಮ ಊರುಗಳಿಗೂ ಬರುತ್ತಿವೆ. ತೊಟ್ಟಿಲ ಶಾಸ್ತ್ರದ ಉಡುಗೊರೆಗಳ ನಡುವೆ ಕೂತಿರುವ ಅಂಥ ಸೀಟನ್ನು ಕಾರಿಗೆ ಕಟ್ಟುವ ಮೊದಲು ಈ ಒಂದು ಪರೀಕ್ಷೆ ಮಾಡಿ.

ಆಮೇಲೆ ಅಳಿಯ ಫೋನಿನಲ್ಲಿ ಒಂದು ಚಿತ್ರ ಕಳಿಸಿದರು. ನೋಡಲು ಕಾರ್ ಸೀಟಿನ ಹಾಗೇ ಇತ್ತು, ಹಿಡಿಕೆಯೂ ನೆರಳಿನ ಕೊಡೆಯೂ ಇದ್ದವು, ಬೆಲೆಯೂ ಕಡಿಮೆ. ನಾನು ಬೇಡವೆಂದೆ. ಅದು ಕೂಸನ್ನು ಮನೆಯೊಳಗೆ ಎತ್ತಿಕೊಂಡು ಓಡಾಡುವ ಬುಟ್ಟಿ, ಕಾರಿಗೆ ಕಟ್ಟುವುದಲ್ಲ. ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಯುರೋಪಿನ ನಿಯಮಕ್ಕೆ ಸರಿಹೋದ ಕಾರ್ ಸೀಟಿನ ಮೈಮೇಲೆ ಕಿತ್ತಳೆ ಬಣ್ಣದ ಚೀಟಿ ಅಂಟಿರುತ್ತದೆ. ಅದರಲ್ಲಿ ಒಂದು ವೃತ್ತ, ವೃತ್ತದೊಳಗೆ ರೋಮನ್ ಲಿಪಿಯ 'ಇ' ಅಕ್ಷರ, ಪಕ್ಕದಲ್ಲಿ ಪರೀಕ್ಷೆಗೆ ಒಪ್ಪಿಗೆ ಕೊಟ್ಟ ದೇಶದ ಅಂಕಿ ಇರುತ್ತದೆ. 1 ಎಂದರೆ ಜರ್ಮನಿ, 4 ಎಂದರೆ ನೆದರ್ಲೆಂಡ್ಸ್. ಆರ್ 44ರ ಸೀಟಾದರೆ ಒಪ್ಪಿಗೆ ಸಂಖ್ಯೆ 03 ಅಥವಾ 04ರಿಂದ ಶುರುವಾಗಬೇಕು, ಕೂಸಿನ ತೂಕದ ಮಿತಿಯೂ ಅಲ್ಲೇ ಇರುತ್ತದೆ. ಹಸುಗೂಸಿನ ಬುಟ್ಟಿಗೆ ಅದು ಸಾಮಾನ್ಯವಾಗಿ 13 ಕೆಜಿ. ಆರ್ 129ರ ಸೀಟಿನಲ್ಲಿ ತೂಕದ ಜೊತೆಗೆ ಎತ್ತರವನ್ನೂ ಸೆಂಟಿಮೀಟರಿನಲ್ಲಿ ಬರೆದಿರುತ್ತಾರೆ. ಅದನ್ನು ಪಕ್ಕದಿಂದ ಬಡಿದರೂ ಪರೀಕ್ಷಿಸಿರುತ್ತಾರೆ. ಹಳೆಯ ನಿಯಮದಲ್ಲಿ ಆ ಪರೀಕ್ಷೆ ಇರಲಿಲ್ಲ. ನಮ್ಮ ದೇಶದ ಎಐಎಸ್ 072 ಎಂಬ ನಿಯಮ ಆರ್ 44ರ ಜಾಡಿನಲ್ಲೇ ಬರೆದದ್ದು.

ಇನ್ನೊಂದು ಗುರುತೂ ಇದೆ. ಹಿಂದಕ್ಕೆ ಮುಖಮಾಡುವ ಸೀಟಿನಲ್ಲಿ ಬೆಲ್ಟು ಹಾಯುವ ದಾರಿಗೆ ನೀಲಿ ಬಣ್ಣ ಇರುತ್ತದೆ, ಮುಂದಕ್ಕೆ ಮುಖಮಾಡುವುದರಲ್ಲಿ ಕೆಂಪು. ಅಳಿಯ ಕಳಿಸಿದ ಚಿತ್ರದಲ್ಲಿ ಕಿತ್ತಳೆ ಚೀಟಿಯೂ ಇಲ್ಲ, ನೀಲಿ ದಾರಿಯೂ ಇಲ್ಲ.

ಇಷ್ಟಾದರೂ ನಿಜವಾದ ತೊಡಕು ಉಳಿದೇ ಇತ್ತು, ಬೆಲ್ಟಿನ ಉದ್ದ. ಹಸುಗೂಸಿನ ಬುಟ್ಟಿಯನ್ನು ಬೆಲ್ಟಿನಿಂದ ಕಟ್ಟುವಾಗ ಸೊಂಟದ ಪಟ್ಟಿ ಬುಟ್ಟಿಯ ಮೇಲೆ ಅಡ್ಡಲಾಗಿ ಹಾಯುತ್ತದೆ, ಹೆಗಲ ಪಟ್ಟಿ ಬುಟ್ಟಿಯ ಬೆನ್ನನ್ನು ಸುತ್ತಿ ಬರುತ್ತದೆ. ದೊಡ್ಡ ಮನುಷ್ಯನಿಗೆ ಬೇಕಾಗುವುದಕ್ಕಿಂತ ಉದ್ದನೆಯ ಬೆಲ್ಟು ಬೇಕು. ಸಣ್ಣ ಕಾರುಗಳ ಹಿಂಬದಿ ಬೆಲ್ಟು ಎಷ್ಟೋ ಸಲ ಸಾಲುವುದಿಲ್ಲ. ನಾಲ್ಕು ಬೆರಳು ಗಿಡ್ಡವಾದರೂ ಬಕ್ಕಲ್ ಸೇರುವುದಿಲ್ಲ, ಆ ಸೀಟು ಆ ಕಾರಿಗೆ ಇಲ್ಲವೆಂದೇ ಅರ್ಥ. ನನ್ನ ಕಾರು ಚಳ್ಳಕೆರೆಯಲ್ಲಿ, ಅಂಗಡಿ ಬೆಂಗಳೂರಿನಲ್ಲಿ. ಹೀಗಾಗಿ ಒಂದು ಉಪಾಯ ಮಾಡಿದೆ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಮೇಲೆ ಅದು ಹೊರಬರುವ ಜಾಗದಿಂದ ಕೆಳಗೆ ಸೀಟಿನ ಪಕ್ಕದಲ್ಲಿ ಬೋಲ್ಟು ಹಾಕಿರುವ ಜಾಗದವರೆಗೆ ಹುರಿಯಲ್ಲಿ ಅಳೆದು, ಹುರಿಯನ್ನು ದರ್ಜಿಯ ಟೇಪಿನ ಮೇಲಿಟ್ಟು ಅಳತೆಯನ್ನು ಅಳಿಯನಿಗೆ ಹೇಳಿದೆ. ಬಕ್ಕಲ್ ಎಷ್ಟು ಮೇಲೆದ್ದು ನಿಂತಿದೆ ಎನ್ನುವುದನ್ನೂ ಹೇಳಿದೆ. ಅಂಗಡಿಯಲ್ಲಿ ಅವರು ಮೂರು ಬುಟ್ಟಿಗಳಿಗೆ ಅಷ್ಟೇ ಉದ್ದದ ಹುರಿಯನ್ನು ಬೆಲ್ಟಿನ ದಾರಿಯಲ್ಲಿ ಸುತ್ತಿ ನೋಡಿದರು. ಎರಡು ಬುಟ್ಟಿಗೆ ಹುರಿ ಸಾಲಲಿಲ್ಲ. ಮೂರನೆಯದು ಅಗಲ ಕಡಿಮೆಯಾದ ತೆಳು ಬುಟ್ಟಿ, ಹುರಿ ಸುತ್ತಿ ಇನ್ನೂ ಒಂದು ಗೇಣು ಉಳಿಯಿತು. ಹೊಂದದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಬಿಲ್ಲಿನ ಮೇಲೆ ಬರೆಸಿಕೊಂಡೇ ತಂದರು.

ಅಳಿಯನ ಕಾರಿನಲ್ಲಿ ಐಸೋಫಿಕ್ಸ್ ಕಂಬಿಗಳಿವೆ. ಹಿಂಬದಿ ಸೀಟಿನ ಒರಗುವ ಭಾಗಕ್ಕೂ ಕೂರುವ ಭಾಗಕ್ಕೂ ನಡುವಿನ ಸಂದಿನಲ್ಲಿ ಬೆರಳು ಹಾಕಿದರೆ 28 ಸೆಂಟಿಮೀಟರ್ ಅಂತರದಲ್ಲಿ ಎರಡು ಉಕ್ಕಿನ ಕಂಬಿ ಸಿಗುತ್ತವೆ. ಆ ಕಂಬಿಗೆ ಕಚ್ಚುವ ಅಡಿಪೀಠ ಕೊಂಡರೆ ಬುಟ್ಟಿಯನ್ನು ಟಕ್ ಎಂದು ಕೂರಿಸಬಹುದು, ಬೆಲ್ಟು ಕಟ್ಟುವಾಗ ಆಗುವ ತಪ್ಪಿಗೆ ಅವಕಾಶವಿರುವುದಿಲ್ಲ. ಅದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಆದರೆ ನನ್ನ ಕಾರಿನಲ್ಲಿ ಕಂಬಿ ಇಲ್ಲ. ನಮ್ಮ ಕಡೆ ಮದುವೆಗೋ ಆಸ್ಪತ್ರೆಗೋ ಬಾಡಿಗೆ ಕಾರು ಮಾಡುವುದೇ ಹೆಚ್ಚು, ಯಾವ ಕಾರು ಬರುತ್ತದೋ ಗೊತ್ತಿರುವುದಿಲ್ಲ. ಹಾಗಾಗಿ ನನ್ನ ಮಟ್ಟಿಗೆ, ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮನೆಗಳಿಗೆ ಮೂರು ಬಿಂದುವಿನ ಬೆಲ್ಟಿನಿಂದಲೂ ಕಟ್ಟಬಲ್ಲ ಹಗುರ ಬುಟ್ಟಿಯೇ ಮೊದಲು, ಅಡಿಪೀಠ ಆಮೇಲೆ.

ಬುಟ್ಟಿ ಮನೆಗೆ ಬಂದ ಮೇಲೆ ಅಂಗಳದಲ್ಲಿ ಎರಡು ದಿನ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿದೆವು. ಹಿಂಬದಿಯ ಎಡಗಡೆ ಜಾಗ ಆರಿಸಿಕೊಂಡೆವು, ಕೂಸನ್ನು ಇಳಿಸುವಾಗ ರಸ್ತೆಯ ಅಂಚಿನ ಕಡೆಗೇ ಇಳಿಸಬಹುದು. ನನ್ನ ಕಾರಿನ ನಡುವಿನ ಸೀಟಿಗೆ ಸೊಂಟದ ಪಟ್ಟಿ ಮಾತ್ರ, ಅದಕ್ಕೆ ಈ ಬುಟ್ಟಿ ಕಟ್ಟುವಂತಿಲ್ಲ. ಮುಂದಿನ ಸೀಟಿನ ಮಾತಂತೂ ಬೇಡವೇ ಬೇಡ. ಅಲ್ಲಿ ಗಾಳಿಚೀಲ ಇದ್ದರೆ ಅದು ಬಿಚ್ಚಿಕೊಳ್ಳುವ ಹೊಡೆತ ನೇರ ಬುಟ್ಟಿಯ ಬೆನ್ನಿಗೆ, ಎಂದರೆ ಕೂಸಿನ ತಲೆಯ ಹಿಂದಕ್ಕೇ ಬೀಳುತ್ತದೆ. ಬುಟ್ಟಿಯನ್ನು ಒಂದು ಕೈಯಿಂದ ಒತ್ತಿಹಿಡಿದು, ಮೊದಲು ಸೊಂಟದ ಪಟ್ಟಿ, ಆಮೇಲೆ ಹೆಗಲ ಪಟ್ಟಿ ಎಳೆದೆವು. ಬೆಲ್ಟು ಹಾದುಹೋಗುವ ಜಾಗದಲ್ಲೇ ಹಿಡಿದು ಅಲುಗಿಸಿದರೆ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು.

ಮೊದಲ ದಿನ ಎಲ್ಲ ಸರಿಯಾಗಿದೆ ಅಂದುಕೊಂಡಿದ್ದಾಗ ಮಗಳೇ ತಪ್ಪು ಹಿಡಿದಳು. "ಅಪ್ಪಾ, ಪಾಪು ಗಲ್ಲ ಎದೆಗೆ ಅಂಟ್ತಾ ಇದೆ ನೋಡು." ಹೌದು, ತಲೆ ಮುಂದಕ್ಕೆ ಬಾಗಿತ್ತು. ಎಳೆಕೂಸಿನ ಗಲ್ಲ ಎದೆಗೆ ತಾಗಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ಅಳಲೂ ಆಗದೆ ಸುಮ್ಮನಾಗಿಬಿಡಬಹುದು. ಕಾರು ನಿಂತದ್ದು ಮನೆ ಮುಂದಿನ ಇಳಿಜಾರಿನಲ್ಲಿ, ಮೂತಿ ಮೇಲಾಗಿ. ಜೊತೆಗೆ ಸೀಟಿನ ಕೂರುವ ಭಾಗವೂ ಹಿಂದಕ್ಕೆ ತಗ್ಗು. ಕಾರನ್ನು ಸಮತಟ್ಟು ಜಾಗಕ್ಕೆ ತಂದು, ಬುಟ್ಟಿಯ ಪಕ್ಕದಲ್ಲಿ ಕೊರೆದಿದ್ದ ಗೆರೆ ನೆಲಕ್ಕೆ ಸಮಾಂತರವಾಗಿದೆಯೇ ನೋಡಿದೆವು. ಇನ್ನೂ ಚೂರು ನೆಟ್ಟಗೇ ಇತ್ತು. ಕೈಪಿಡಿಯಲ್ಲಿ ಅನುಮತಿ ಇದ್ದುದರಿಂದ ಟವೆಲ್ಲನ್ನು ಗಟ್ಟಿ ಸುರುಳಿ ಸುತ್ತಿ, ಕೂಸಿನ ಕಾಲಿನ ಕಡೆ ಬರುವ ಸಂದಿನಲ್ಲಿ, ಬುಟ್ಟಿಯ ಅಡಿಗೆ ಇಟ್ಟೆವು. ಗೆರೆ ಸರಿಹೋಯಿತು, ತಲೆ ಹಿಂದಕ್ಕೆ ಒರಗಿತು. ಅನುಮತಿ ಇಲ್ಲದ ಸೀಟಿಗೆ ಹೀಗೆ ಮಾಡಬಾರದು.

ಕೂಸಿಗೆ ಪಟ್ಟಿ ಬಿಗಿಯುವಾಗ ನಮ್ಮ ಮನೆಯ ಹೆಂಗಸರಿಗೂ ನನಗೂ ಸ್ವಲ್ಪ ವಾದವಾಯಿತು. ಕುಲಾವಿ ಕಟ್ಟಿ, ದಪ್ಪ ಉಣ್ಣೆ ಬಟ್ಟೆಯಲ್ಲಿ ಸುತ್ತಿ ಕೂರಿಸಬೇಕೆಂದು ಅವರ ಆಸೆ. ದಪ್ಪ ಬಟ್ಟೆಯ ಮೇಲೆ ಬಿಗಿದ ಪಟ್ಟಿ ಬಡಿತಕ್ಕೆ ಸಿಕ್ಕಾಗ ಬಟ್ಟೆ ಅಪ್ಪಚ್ಚಿಯಾಗಿ ಸಡಿಲವಾಗುತ್ತದೆ. ತೆಳು ಅಂಗಿ ಹಾಕಿ, ಪಟ್ಟಿ ಬಿಗಿದು, ಹೊದಿಕೆಯನ್ನು ಮೇಲೆ ಹೊದಿಸಬೇಕು. ಪಟ್ಟಿ ಹೊರಡುವ ತೂತು ಹೆಗಲಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿರಬೇಕು. ಹೆಗಲ ಮೇಲೆ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ನೋಡಿ, ಮಡಿಕೆ ಸಿಗದಿದ್ದರೆ ಬಿಗಿ ಸರಿಯಾಗಿದೆ.

ಮೊಳಕಾಲ್ಮುರಿಗೆ ಹೊರಟದ್ದು ಬೆಳಗಿನ ಆರು ಗಂಟೆಗೆ. ಬಳ್ಳಾರಿ ಕಡೆಯ ಹೆದ್ದಾರಿ, 150ಎ, ಲಾರಿಗಳ ಸಾಲು. ಬಿಸಿಲೇರುವ ಮೊದಲು ಸೇರಬೇಕೆಂಬುದು ಒಂದು ಕಾರಣ. ನಮ್ಮ ಬಯಲುಸೀಮೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಕ್ಕಲಿನ ಲೋಹ ಸುಡುತ್ತದೆ, ಎಳೆಯ ತೊಡೆಗೆ ಬೊಬ್ಬೆ ಏಳುವಷ್ಟು. ಕಾರು ನಿಲ್ಲಿಸುವಾಗ ಬುಟ್ಟಿಯ ಮೇಲೆ ಬಿಳಿ ಪಂಚೆ ಹೊದಿಸಿಟ್ಟು, ಕೂರಿಸುವ ಮೊದಲು ಬಕ್ಕಲನ್ನು ನನ್ನ ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡುತ್ತಿದ್ದೆ.

ಇನ್ನು ತಳ್ಳುಗಾಡಿ. ಮಗಳಿಗೆ ಆಸೆಯಿದ್ದದ್ದು ಬುಟ್ಟಿಯನ್ನೇ ಮೇಲೆ ಕೂರಿಸಬಹುದಾದ ದೊಡ್ಡ ಗಾಡಿಯ ಮೇಲೆ. ಮಲಗಿದ ಕೂಸನ್ನು ಎಬ್ಬಿಸದೆ ಕಾರಿನಿಂದ ಗಾಡಿಗೆ ಸಾಗಿಸಬಹುದು, ಅನುಕೂಲ ನಿಜ. ನೆಂಟರೊಬ್ಬರ ಮನೆಯಲ್ಲಿದ್ದ ಅಂಥದ್ದೊಂದನ್ನು ತರಿಸಿ ಮಂಡಿಯ ತಕ್ಕಡಿಯ ಮೇಲಿಟ್ಟೆವು. ಡಬ್ಬದ ಮೇಲೆ 9 ಕೆಜಿ ಎಂದಿತ್ತು. ತಕ್ಕಡಿ ತೋರಿಸಿದ್ದು ಹನ್ನೊಂದೂವರೆ. ಸುಳ್ಳೇನಲ್ಲ, ಅವರು ತೂಗಿದ್ದು ಬರೀ ಚೌಕಟ್ಟು ಮತ್ತು ಚಕ್ರ. ನೆರಳಿನ ಕೊಡೆ, ಕೆಳಗಿನ ಬುಟ್ಟಿ, ಮುಂದಿನ ಅಡ್ಡಕಂಬಿ, ಮೆತ್ತೆ ಸೇರಿದರೆ ಇಷ್ಟಾಗುತ್ತದೆ. ನೀವು ಎತ್ತುವುದು ಎಲ್ಲ ಸೇರಿದ ಗಾಡಿಯನ್ನು, ಆದ್ದರಿಂದ ಹಾಗೆಯೇ ಮಡಚಿ ತೂಗಬೇಕು.

ಅದನ್ನು ಯಾರು, ಎಲ್ಲಿಂದ, ಎಲ್ಲಿಗೆ ಎತ್ತುತ್ತಾರೆ ಎನ್ನುವುದೇ ಮುಖ್ಯ. ನನ್ನ ಮಗಳಿಗೆ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದ್ದು. ಅವಳಿರುವುದು ಲಿಫ್ಟಿಲ್ಲದ ಕಟ್ಟಡದ ಎರಡನೇ ಮಹಡಿ. ಒಂದು ತೋಳಿನಲ್ಲಿ ಕೂಸು, ಇನ್ನೊಂದರಲ್ಲಿ ಗಾಡಿ, ಅಳಿಯ ಕೆಲಸಕ್ಕೆ ಹೋದ ಹೊತ್ತು. ಹನ್ನೊಂದೂವರೆ ಕೆಜಿಯ ಗಾಡಿ ಮೊದಲ ವಾರದಲ್ಲೇ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಾ ಕೂರುತ್ತಿತ್ತು. ಡಿಕ್ಕಿಯ ಅಂಚು ನೆಲದಿಂದ ಸೊಂಟದ ಮಟ್ಟಕ್ಕಿರುತ್ತದೆ. ಬಾಗಿ ಎತ್ತಿ, ಅಂಚು ದಾಟಿಸಿ, ಒಳಗೆ ಇಳಿಸುವಾಗ ಭಾರವೆಲ್ಲ ಬೆನ್ನಿನ ಬುಡಕ್ಕೆ ಬೀಳುತ್ತದೆ. ಅಳಿಯನ ಕಾರು ಸಿಎನ್‌ಜಿಯದು, ಡಿಕ್ಕಿಯ ಅರ್ಧದಷ್ಟನ್ನು ಸಿಲಿಂಡರೇ ತುಂಬಿದೆ. ಉಳಿದ ಜಾಗವನ್ನು ಉದ್ದ, ಅಗಲ, ಎತ್ತರ ಮೂರನ್ನೂ ಅಳೆದು ಚೀಟಿಯಲ್ಲಿ ಬರೆದುಕೊಂಡೆವು. ದೊಡ್ಡ ಗಾಡಿ ಚಕ್ರ ಬಿಚ್ಚಿದರೂ ಹಿಡಿಸುತ್ತಿರಲಿಲ್ಲ.

ಕೊನೆಗೆ ಕೊಂಡದ್ದು ಎಲ್ಲ ಸೇರಿ ಏಳು ಕೆಜಿಯೊಳಗೆ ತೂಗಿದ, ಒಂದೇ ಕೈಯಲ್ಲಿ ಮಡಚಬಹುದಾದ ಗಾಡಿ. ಹಗುರವಾಗಿದೆ ಎಂದು ಕಣ್ಣುಮುಚ್ಚಿ ಕೊಳ್ಳಲಿಲ್ಲ. ಯುರೋಪಿನ ಇಎನ್ 1888 ನಿಯಮದ ಪ್ರಕಾರ, ಬೆನ್ನೊರಗು 150 ಡಿಗ್ರಿಗಿಂತ ಕಡಿಮೆ ಮಲಗುವ ಗಾಡಿ ಆರು ತಿಂಗಳೊಳಗಿನ ಕೂಸಿಗೆ ತಕ್ಕದ್ದಲ್ಲ. ಹಗುರ ಗಾಡಿಗಳಲ್ಲಿ ಅನೇಕವು ಅಷ್ಟು ಮಲಗುವುದಿಲ್ಲ. ನಮ್ಮದೂ ಮಲಗುವುದಿಲ್ಲ, ಹಾಗಾಗಿ ಆರು ತಿಂಗಳು ತುಂಬುವವರೆಗೆ ಅದನ್ನು ಬಿಚ್ಚಲೇ ಇಲ್ಲ. ಅಂಗಡಿಯಲ್ಲಿ ಎರಡು ಸಂಗತಿ ಪರೀಕ್ಷಿಸಿದೆವು. ಬಿಚ್ಚಿ ನಿಲ್ಲಿಸಿದ ಗಾಡಿಯ ಹಿಡಿಯನ್ನು ಒತ್ತಿ ಅಲುಗಿಸಿದಾಗ ತಾನಾಗಿ ಮಡಚಿಕೊಳ್ಳಬಾರದು, ಒಂದು ಕೊಂಡಿ ತಪ್ಪಿದರೂ ತಡೆಯುವ ಎರಡನೇ ಕೊಂಡಿ ಇರಬೇಕು. ಹಿಡಿಗೆ ಒಂದು ಚೀಲ ನೇತುಹಾಕಿ ನೋಡಿದೆವು, ಹಗುರ ಗಾಡಿ ಕೂಡಲೇ ಹಿಂದಕ್ಕೆ ವಾಲಿತು. ಸಂತೆಯ ಚೀಲವನ್ನು ಹಿಡಿಗೆ ಹಾಕುವ ಅಭ್ಯಾಸವನ್ನು ಮಗಳು ಅಲ್ಲಿಯೇ ಬಿಟ್ಟಳು.

ಸಣ್ಣ ಚಕ್ರದ ಮಿತಿಯೂ ಗೊತ್ತಾಯಿತು. ಕೂಸಿಗೆ ಎಂಟು ತಿಂಗಳಾದಾಗ ಮತ್ತೆ ಮೊಳಕಾಲ್ಮುರಿಗೆ ತಂದರು. ಮಗ್ಗದ ಮನೆಗಳ ಓಣಿ, ಚಪ್ಪಡಿ ಹಾಸಿದ ಚರಂಡಿ, ಎತ್ತರದ ಹೊಸ್ತಿಲು. ಮುಂದಿನ ಚಕ್ರ ಎರಡು ಚಪ್ಪಡಿಗಳ ಸಂದಿಗೆ ಸಿಕ್ಕಿ ಗಾಡಿ ಗಕ್ಕನೆ ನಿಂತಿತು. ಐದು ಬಿಂದುವಿನ ಪಟ್ಟಿ ಹಾಕಿದ್ದರಿಂದ ಕೂಸು ಮುಗ್ಗರಿಸಲಿಲ್ಲ. ನನ್ನ ತಾಯಿ ಏನೂ ಹೇಳದೆ ಅದನ್ನು ಎತ್ತಿ ಕಂಕುಳಿಗೆ ಹಾಕಿಕೊಂಡರು. ಆ ಓಣಿಗೆ ಅದೇ ಸರಿ. ಗಾಡಿ ಬೆಂಗಳೂರಿನ ಕಾಲುದಾರಿಗೆ.

ಬೆಂಗಳೂರಿಗೆ ಹೋದ ದಿನ ಎರಡು ಕಡೆ ನಿಲ್ಲಿಸಿದೆವು, ಹಿರಿಯೂರು ದಾಟಿ ಒಮ್ಮೆ, ತುಮಕೂರಿನ ಹತ್ತಿರ ಇನ್ನೊಮ್ಮೆ. ಎರಡು ಗಂಟೆಗಿಂತ ಹೆಚ್ಚು ಕೂಸನ್ನು ಬುಟ್ಟಿಯಲ್ಲಿ ಒಂದೇ ಸಮನೆ ಬಿಡಬಾರದು. ಹೊರಗೆ ತೆಗೆದು, ಹಾಲು ಕುಡಿಸಿ, ಬೆನ್ನು ನೀಡಿ ಮಲಗಿಸಬೇಕು. ಕೂಸು ಹಟಮಾಡಿ ಅತ್ತರೆ ಓಡುವ ಕಾರಿನಲ್ಲಿ ಪಟ್ಟಿ ಬಿಚ್ಚಿ ಎತ್ತಿಕೊಳ್ಳುವುದಕ್ಕಿಂತ ಕಾರು ನಿಲ್ಲಿಸುವುದೇ ಸರಿ. ಮತ್ತೆ ಕೂರಿಸುವಾಗ ಪ್ರತಿ ಸಲವೂ ಅಳಿಯ ಬುಟ್ಟಿಯನ್ನು ಅಲುಗಿಸಿ ನೋಡುತ್ತಿದ್ದರು, ಮಗಳು ಹೆಗಲ ಪಟ್ಟಿ ಚಿವುಟುತ್ತಿದ್ದಳು.

ಈಗ ಕೂಸಿಗೆ ಹದಿನಾಲ್ಕು ತಿಂಗಳು, ತೂಕ ಒಂಬತ್ತೂವರೆ ಕೆಜಿ. ಮಿತಿಗೆ ಇನ್ನೂ ಮೂರೂವರೆ ಕೆಜಿ ಇದ್ದರೂ ತಲೆಯ ನೆತ್ತಿ ಬುಟ್ಟಿಯ ಅಂಚಿಗೆ ಎರಡು ಬೆರಳಷ್ಟು ಹತ್ತಿರ ಬಂದಿದೆ. ತೂಕಕ್ಕಿಂತ ಮೊದಲು ನೆತ್ತಿಯೇ ಅಂಚು ಮುಟ್ಟುತ್ತದೆ, ಬುಟ್ಟಿ ಬದಲಿಸುವ ಹೊತ್ತು ಅದೇ. ಇನ್ನೂ ಹಿಂದಕ್ಕೇ ಮುಖಮಾಡಿ ಕೂರಿಸಬಹುದಾದ ದೊಡ್ಡ ಸೀಟು ಹುಡುಕುತ್ತಿದ್ದೇವೆ. ಹಳೆಯ ಬುಟ್ಟಿಯನ್ನು ಪಕ್ಕದ ಬೀದಿಯ ಬಾಣಂತಿಯ ಮನೆಯವರು ಕೇಳಿದ್ದಾರೆ. ಅದರ ಕೈಪಿಡಿಯನ್ನೂ, ಕೊಂಡ ದಿನದ ಬಿಲ್ಲನ್ನೂ ಜೊತೆಗಿಟ್ಟಿದ್ದೇನೆ. ಒಮ್ಮೆಯೂ ಅಪಘಾತಕ್ಕೆ ಸಿಕ್ಕಿಲ್ಲ ಎಂದು ಚೀಟಿಯಲ್ಲಿ ಬರೆದು ಸಹಿ ಹಾಕಿದ್ದೇನೆ. ಭಾನುವಾರ ಅವರ ಕಾರನ್ನು ನಮ್ಮ ಮನೆ ಮುಂದೆ ತರಲು ಹೇಳಿದ್ದೇನೆ. ಹುರಿ ನನ್ನ ಬಳಿ ಇನ್ನೂ ಇದೆ.